ಲಿವರ್ ಚೆನ್ನಾಗಿದ್ದೂ ಕಣ್ಣು ಹಳದಿಯಾದಾಗ

ಕಾಮಾಲೆ ಇರುವ ಮಗುವಿನ ರಕ್ತ ಲ್ಯಾಬಿಗೆ ಬಂದಾಗ, ಬಿಲಿರುಬಿನ್ ಎಷ್ಟಿದೆ ಅನ್ನುವುದಕ್ಕಿಂತ ಅದು ಯಾವ ಬಗೆಯದು ಅಂತ ನಾನು ಮೊದಲು ನೋಡುತ್ತೇನೆ. ಈ 8 ವರ್ಷದ ಹುಡುಗಿಯ ಒಟ್ಟು ಬಿಲಿರುಬಿನ್ 4.1 ಇತ್ತು, ಅದರಲ್ಲಿ ಲಿವರ್ ಸಂಸ್ಕರಿಸಿದ ಡೈರೆಕ್ಟ್ ಬಗೆಯದು ಬರೀ 0.4, ಉಳಿದದ್ದೆಲ್ಲ ಇನ್‌ಡೈರೆಕ್ಟ್. ಲಿವರ್ ಎನ್‌ಜೈಮ್‌ಗಳು ನಾರ್ಮಲ್. ಮೂತ್ರದಲ್ಲಿ ಬಿಲಿರುಬಿನ್ ಇಲ್ಲ, ಏಕೆಂದರೆ ಇನ್‌ಡೈರೆಕ್ಟ್ ಬಗೆಯದು ನೀರಿನಲ್ಲಿ ಕರಗುವುದಿಲ್ಲ. ಅಂದರೆ ಲಿವರ್ ತನ್ನ ಕೆಲಸ ಮಾಡುತ್ತಲೇ ಇದೆ. ರಕ್ತಕಣಗಳು ಒಡೆದು ಅದಕ್ಕೆ ಬರುತ್ತಿರುವ ಹೊರೆಯೇ ಜಾಸ್ತಿ.

ಹಿಮೋಗ್ಲೋಬಿನ್ 9.2, ರೆಟಿಕ್ಯುಲೋಸೈಟ್ ಅಂದರೆ ಎಳೆಯ ಕೆಂಪುಕಣ 11%. ಮಜ್ಜೆ ಹೊಸ ಕಣಗಳನ್ನು ಬೇಗ ಬೇಗ ಮಾಡಿ ಕಳಿಸುತ್ತಿತ್ತು. ನನ್ನ ಕಣ್ಣು ನಿಂತಿದ್ದು ಕಣದೊಳಗಿನ ಹಿಮೋಗ್ಲೋಬಿನ್ ಎಷ್ಟು ದಟ್ಟ ಅಂತ ಹೇಳುವ MCHC ಮೇಲೆ: 37. ಇದು ಹೆಚ್ಚಾಗುವ ಕಾಯಿಲೆಗಳು ತುಂಬಾ ಕಡಿಮೆ.

ಸ್ಲೈಡ್ ನೋಡಿದೆ. ನಡುವಿನ ಬಿಳುಪು ಇಲ್ಲದ, ಚಿಕ್ಕ, ದಟ್ಟ ಕೆಂಪು ಗುಂಡು ಕಣಗಳು ಕಂಡವು. ಇಲ್ಲೊಂದು ಎಚ್ಚರ ಬೇಕು. ಸ್ಲೈಡಿನ ತೆಳು ತುದಿಯಲ್ಲಿ ಆರೋಗ್ಯವಂತರ ಕಣಗಳೂ ಹೀಗೇ ಕಾಣುತ್ತವೆ. ಅದಕ್ಕೇ ಕಣಗಳು ಒಂದಕ್ಕೊಂದು ತಾಗಿಯೂ ತಾಗದ ಹಾಗಿರುವ ಜಾಗದಲ್ಲೇ ನೋಡಬೇಕು.

ಇಂಥ ಕಣದ ಒಳಗಿನ ಹಿಮೋಗ್ಲೋಬಿನ್‌ನಲ್ಲಿ ದೋಷವಿಲ್ಲ, ದೋಷ ಪೊರೆಯದು. ಪೊರೆಯನ್ನು ಒಳಗಿನ ಸ್ಪೆಕ್ಟ್ರಿನ್ ಜಾಲಕ್ಕೆ ಹಿಡಿದಿಡುವ ಆಂಕಿರಿನ್, ಬ್ಯಾಂಡ್ 3 ಥರದ ಪ್ರೋಟೀನ್‌ಗಳಲ್ಲಿ ಒಂದು ಕಡಿಮೆಯಾದರೆ ಹಿಡಿತ ಸಡಿಲವಾಗುತ್ತದೆ. ಪೊರೆಯ ಚೂರುಗಳು ಕಳಚಿಹೋಗುತ್ತವೆ. ಒಳಗಿರುವುದು ಹೆಚ್ಚುಕಡಿಮೆ ಅಷ್ಟೇ, ಹೊದಿಕೆ ಮಾತ್ರ ಕಡಿಮೆ. ಆಗ ಕಣ ಗುಂಡಾಗಲೇಬೇಕು ಅಲ್ವಾ?

ಗುಂಡಾದ ಕಣಕ್ಕೆ ಗುಲ್ಮದಲ್ಲಿ ಕಷ್ಟ ಶುರು. ಅಲ್ಲಿನ ಸೀಳುಗಳು ಒಂದೆರಡು ಮೈಕ್ರಾನ್ ಅಗಲ. ಏಳೆಂಟು ಮೈಕ್ರಾನ್ ಅಗಲದ ಮಾಮೂಲಿ ಕಣ ಅರ್ಧ ತುಂಬಿದ ಚೀಲದ ಹಾಗೆ ಬಾಗಿ, ಮಡಿಸಿಕೊಂಡು ತೂರಿಹೋಗುತ್ತದೆ. ಗುಂಡು ಕಣಕ್ಕೆ ಮಡಿಸಿಕೊಳ್ಳಲು ಹೆಚ್ಚುವರಿ ಪೊರೆಯೇ ಇಲ್ಲ. ಅದು ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡಲ್ಲಿ ಇನ್ನಷ್ಟು ಪೊರೆ ಕಳೆದುಕೊಳ್ಳುತ್ತದೆ, ಕೊನೆಗೆ ಮ್ಯಾಕ್ರೋಫೇಜ್ ಅದನ್ನು ನುಂಗುತ್ತದೆ. ನುಂಗಿದ ಹೀಮ್‌ನಿಂದಲೇ ಆ ಹಳದಿ ಬಿಲಿರುಬಿನ್. ಹುಡುಗಿಯ ಗುಲ್ಮ ಊದಿ ಪಕ್ಕೆಲುಬಿನ ಕೆಳಗೆ ಕೈಗೆ ಸಿಗುತ್ತಿತ್ತು.

ಸ್ವಂತ ಆ್ಯಂಟಿಬಾಡಿಯಿಂದ ರಕ್ತ ಒಡೆಯುವಾಗಲೂ ಇಂಥದ್ದೇ ಕಣಗಳು ಕಾಣುತ್ತವೆ. ಹಾಗಾಗಿ ಕೂಂಬ್ಸ್ ಪರೀಕ್ಷೆ ಮಾಡಿದೆ, ನೆಗೆಟಿವ್ ಬಂತು. ಮನೆಯವರನ್ನು ವಿಚಾರಿಸಿದಾಗ, ತಂದೆಗೆ ಚಿಕ್ಕ ವಯಸ್ಸಿನಲ್ಲೇ ಪಿತ್ತಕೋಶದಲ್ಲಿ ಕಲ್ಲಾಗಿ ಆಪರೇಷನ್ ಆಗಿದ್ದು ಗೊತ್ತಾಯಿತು. ಅವರ ಸ್ಲೈಡಿನಲ್ಲೂ ಅದೇ ಗುಂಡು ಕಣಗಳು! ಪೊರೆಯ ಪ್ರೋಟೀನ್‌ಗೆ ಅಂಟುವ ಹೊಳೆಯುವ ಬಣ್ಣ ಹಾಕಿ ನೋಡುವ EMA ಪರೀಕ್ಷೆಯಲ್ಲಿ ಇಬ್ಬರ ಕಣಗಳ ಹೊಳಪೂ ಕಡಿಮೆ ಬಂದ ಮೇಲೆ ಹೆರೆಡಿಟರಿ ಸ್ಫಿರೋಸೈಟೋಸಿಸ್, ಅಂದರೆ ವಂಶದಲ್ಲಿ ಬರುವ ಗುಂಡುಕಣಗಳ ಕಾಯಿಲೆ, ಅಂತ ರಿಪೋರ್ಟ್ ಬರೆದೆ.

ಗುಲ್ಮ ತೆಗೆದರೆ ಕಣಗಳು ಹೆಚ್ಚು ದಿನ ಬದುಕುತ್ತವೆ, ಆದರೆ ಗುಂಡಾಗಿಯೇ ಇರುತ್ತವೆ. ಜೊತೆಗೆ ನ್ಯೂಮೋಕಾಕಸ್‌ನಂಥ ಸೋಂಕಿನ ಅಪಾಯ ಜೀವನಪೂರ್ತಿ ಉಳಿಯುತ್ತದೆ. ಆಟ, ಓದು, ಬೆಳವಣಿಗೆ ಎಲ್ಲ ಸರಿಯಿದ್ದ ಈ ಮಗುವಿಗೆ ಅವಳ ಡಾಕ್ಟರ್ ಆಪರೇಷನ್ ಮಾಡಿಸಲಿಲ್ಲ, ಫೋಲಿಕ್ ಆ್ಯಸಿಡ್ ಕೊಟ್ಟರು. ನಾನು ರಿಪೋರ್ಟಿನ ಕೆಳಗೆ ಒಂದು ಸಾಲು ಸೇರಿಸಿದೆ: ಜ್ವರದ ಜೊತೆ ಮಗು ಬಿಳಿಚಿಕೊಂಡರೆ ಅವತ್ತೇ ಹಿಮೋಗ್ಲೋಬಿನ್, ರೆಟಿಕ್ಯುಲೋಸೈಟ್ ನೋಡಿಸಿ. ಪಾರ್ವೊವೈರಸ್ ಬಿ19 ತಗುಲಿದರೆ ಮಜ್ಜೆ ಕೆಲವು ದಿನ ಕಣ ಮಾಡುವುದನ್ನೇ ನಿಲ್ಲಿಸುತ್ತದೆ. ಆಗ ಕಣ್ಣಿನ ಹಳದಿ ಹೆಚ್ಚಾಗದೆಯೇ ರಕ್ತ ಸರ್ರನೆ ಇಳಿಯಬಹುದು.