ಪರಿಚಯವಿಲ್ಲದ ಹಿರಿಯರಿಗೆ ಮೆಸೇಜ್: ‘ಸರ್’ ಹಾಕಿದರೆ ಸಾಲದು

ಶುರುವಿನಲ್ಲಿ ‘ಮಾನ್ಯರೇ’. ಮಧ್ಯದಲ್ಲಿ ‘ನನಗೆ ನಿಮ್ಮ ಲೇಖನ ಬೇಕು’. ಕೊನೆಗೆ ‘ಬೇಗ ಕಳಿಸಿ’. ಗುರುತಿಲ್ಲದ ಹಿರಿಯರಿಗೆ ಹೋಗುವ ಎಷ್ಟೋ ಮೆಸೇಜುಗಳು ಹೀಗೇ ಇರುತ್ತವೆ. ಮೊದಲ ಸಾಲಿನಲ್ಲಿ ಕೈಮುಗಿದು ಮೂರನೇ ಸಾಲಿನಲ್ಲಿ ಗದರಿಸಿದ ಹಾಗೆ. ಬರೆದವರಿಗೆ ಮಾತ್ರ ಅದು ಕಾಣುವುದೇ ಇಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಎಂ. ಎಸ್. ನಾಗರಾಜ ಎಂಬ ನಿವೃತ್ತ ಪ್ರಾಧ್ಯಾಪಕರಿಂದ ಅವರದೇ ಹಳೆಯ ಲೇಖನವೊಂದರ ಪ್ರತಿ ಬೇಕಾಗಿದೆ.

ಮೊದಲು ಹೆಸರು ನೋಡಿ. ಇಂಥ ಹೆಸರಿನಲ್ಲಿ ಮುಂದಿರುವ ಇನಿಷಿಯಲ್‌ಗಳು ಸಾಮಾನ್ಯವಾಗಿ ಊರಿನದು, ತಂದೆಯದು. ಕೊನೆಯಲ್ಲಿರುವುದೇ ಅವರ ಸ್ವಂತ ಹೆಸರು. ಅದು ಗೊತ್ತಿಲ್ಲದೆ ‘ಡಿಯರ್ ಮಿಸ್ಟರ್ ಎಂ. ಎಸ್.’ ಎಂದು ಬರೆದುಬಿಡುವವರಿದ್ದಾರೆ. ಇಂಗ್ಲಿಷಿನಲ್ಲಿ ‘ಡಿಯರ್ ಪ್ರೊಫೆಸರ್ ನಾಗರಾಜ’ ಸಾಕು. ಅದರ ಮೇಲೆ ‘ಮಿಸ್ಟರ್’ ಬೇಡ, ಹಿಂದೆ ‘ಸರ್’ ಕೂಡ ಬೇಡ. ಕನ್ನಡದಲ್ಲಾದರೆ ‘ನಾಗರಾಜ ಅವರೇ’ ವ್ಯಾಕರಣಕ್ಕೆ ಸರಿ. ಆದರೆ ವಯಸ್ಸಿನ ಅಂತರ ಜಾಸ್ತಿ ಇದ್ದಾಗ ಅದು ಸಭೆಯ ಭಾಷಣದಂತೆ ಕೇಳುತ್ತದೆ. ನನ್ನ ಮಟ್ಟಿಗೆ ‘ನಮಸ್ಕಾರ ಸರ್’ ಎಲ್ಲಕ್ಕಿಂತ ಒಳ್ಳೆಯದು. ಹೆಣ್ಣೋ ಗಂಡೋ ಗೊತ್ತಾಗದಿದ್ದರೆ ‘ಮಾನ್ಯರೇ’. ಅಂಕಲ್, ಆಂಟಿ, ಅಜ್ಜ ಇವೆಲ್ಲ ಖಂಡಿತ ಬೇಡ. ಎದುರಿಗೆ ಸಿಕ್ಕಾಗ ಅಕ್ಕರೆಯಾಗಿ ಕೇಳುವ ಪದ, ಬರವಣಿಗೆಯಲ್ಲಿ ಸಲಿಗೆಯಾಗಿಬಿಡುತ್ತದೆ.

ಮುಂದೆ ‘ನೀವು’ ಅಥವಾ ‘ತಾವು’. ಯಾವುದಾದರೊಂದು ಆರಿಸಿ, ಕೊನೆಯವರೆಗೂ ಅದನ್ನೇ ಹಿಡಿಯಿರಿ. ನಾನು ‘ನೀವು’ ಅನ್ನುತ್ತೇನೆ. ‘ತಾವು’ ಎಂದು ಶುರುಮಾಡಿದವರು ನಾಲ್ಕನೇ ಸಾಲಿಗೆ ‘ನಿಮ್ಮ’ ಎಂದು ಜಾರುತ್ತಾರೆ. ಜಾರಿದ್ದು ಎದ್ದು ಕಾಣುತ್ತದೆ.

ಈಗ ನಿಜವಾದ ಕಷ್ಟ: ಕ್ರಿಯಾಪದ. ಕನ್ನಡದಲ್ಲಿ ಮರ್ಯಾದೆ ಇರುವುದು ‘ಸರ್’ನಲ್ಲಿ ಅಲ್ಲ, ವಾಕ್ಯದ ಬಾಲದಲ್ಲಿ. ‘ಕಳಿಸಿ’ ಬಹುವಚನವೇ, ತಪ್ಪೇನಿಲ್ಲ. ಆದರೂ ಅದು ಆಜ್ಞೆ. ಮುಂದೆ ‘ದಯವಿಟ್ಟು’ ಸೇರಿಸಿದರೆ ದಯೆಯ ಆಜ್ಞೆ ಆಗುತ್ತದೆ, ಅಷ್ಟೇ. ಅದನ್ನು ಪ್ರಶ್ನೆ ಮಾಡಿ: ‘ಕಳಿಸಿಕೊಡಲು ಸಾಧ್ಯವೇ?’ ಆಗ ‘ಆಗಲ್ಲ’ ಅನ್ನಲು ಅವರಿಗೆ ಜಾಗ ಸಿಗುತ್ತದೆ. ‘ಬೇಕು’ ಇನ್ನೂ ಗಟ್ಟಿ. ‘ನನಗೆ ಲೇಖನ ಬೇಕು’ ಅಂದರೆ ಅಂಗಡಿಯಲ್ಲಿ ಸಾಮಾನು ಕೇಳಿದಂತೆ. ‘ಲೇಖನದ ಪ್ರತಿ ಬೇಕಿತ್ತು’ ಅನ್ನಿ. ಬೇಕಾಗಿರುವುದು ಈಗಲೇ ಆದರೂ ‘ಬೇಕಿತ್ತು’ ಅಂದಾಗ ಮಾತಿನ ಮೊನೆ ಮೊಂಡಾಗುತ್ತದೆ. ‘ಒಂದು ವಿಷಯ ಕೇಳಬೇಕಿತ್ತು’ ಕೂಡ ಇದೇ ಜಾತಿ.

ಇನ್ನೊಂದು ಗುಂಡಿ ಇದೆ. ಅವರಿಗೆ ಬಹುವಚನ ಕೊಟ್ಟು ಅವರ ಕಡೆಯವರನ್ನು ಮರೆತುಬಿಡುವುದು. ‘ನಿಮ್ಮ ವಿದ್ಯಾರ್ಥಿ ನಂಬರ್ ಕೊಟ್ಟ’ ಅಲ್ಲ, ‘ಕೊಟ್ಟರು’. ಆ ವಿದ್ಯಾರ್ಥಿ ನಿಮ್ಮ ಗೆಳೆಯನೇ ಆಗಿರಬಹುದು, ಈ ಮೆಸೇಜಿನಲ್ಲಿ ಅಲ್ಲ.

ಇಂಗ್ಲಿಷಿನಲ್ಲಿ ‘ಯೂ’ ಎಲ್ಲರಿಗೂ ಒಂದೇ. ಆದ್ದರಿಂದ ಪ್ರತಿ ಸಾಲಿಗೂ ‘ಸರ್’ ತುರುಕುವವರಿದ್ದಾರೆ. ಬೇಡ. ‘ಪ್ಲೀಸ್ ಸೆಂಡ್’ ಬದಲು ‘ಕುಡ್ ಯೂ’ ಎಂದು ಕೇಳಿದರೆ ಕೆಲಸ ಆಯಿತು. ‘ಕೈಂಡ್ಲಿ ಡು ದ ನೀಡ್‌ಫುಲ್’ ಕಚೇರಿಯ ಕಡತಕ್ಕೇ ಇರಲಿ.

ಇಂಗ್ಲಿಷಿನಲ್ಲಿ ಬರೆದು ಅನುವಾದದ ಆ್ಯಪ್‌ಗೆ ಹಾಕುವ ಅಡ್ಡದಾರಿಯೂ ಚಾಲ್ತಿಯಲ್ಲಿದೆ. ‘ಡಿಯರ್’ ಅಲ್ಲಿ ‘ಪ್ರಿಯ’ ಆಗಿ ಬರಬಹುದು, ನಡುವೆ ಎಲ್ಲೋ ‘ನೀನು’ ನುಸುಳಬಹುದು. ಬಳಸಲೇಬೇಕಿದ್ದರೆ ಪ್ರತಿ ವಾಕ್ಯದ ಕೊನೆಯನ್ನೂ ಓದಿ ನೋಡಿ.

ಎಲ್ಲ ಸೇರಿಸಿದರೆ ಹೀಗೆ:

‘ನಮಸ್ಕಾರ ಸರ್. ನಾನು ಇತಿಹಾಸದ ಸಂಶೋಧನಾ ವಿದ್ಯಾರ್ಥಿ. ನಿಮ್ಮ ವಿದ್ಯಾರ್ಥಿಯೊಬ್ಬರು ಈ ನಂಬರ್ ಕೊಟ್ಟರು. ಕೆರೆಗಳ ಬಗ್ಗೆ ನೀವು ಬರೆದಿದ್ದ ಲೇಖನದ ಪ್ರತಿ ಬೇಕಿತ್ತು. ನಿಮ್ಮಲ್ಲಿದ್ದರೆ ಫೋಟೊ ತೆಗೆದು ಕಳಿಸಲು ಸಾಧ್ಯವೇ? ಇಲ್ಲವಾದರೆ ಎಲ್ಲಿ ಸಿಗಬಹುದು ಎಂದು ತಿಳಿಸಿದರೂ ಉಪಕಾರವಾಗುತ್ತದೆ. ವಂದನೆಗಳು.’ ಕೆಳಗೆ ನಿಮ್ಮ ಪೂರ್ತಿ ಹೆಸರು.

ಉತ್ತರ ಬಂದಾಗ ಅವರು ಹೇಗೆ ಸಹಿ ಹಾಕಿದ್ದಾರೆ ಎಂದು ಗಮನಿಸಿ. ಇಂಗ್ಲಿಷಿನಲ್ಲಿ ಬರೆಯುವ ಹೊರದೇಶದ ಹಿರಿಯರು ಬರೀ ಮೊದಲ ಹೆಸರು ಹಾಕಿದ್ದರೆ, ಮುಂದಿನ ಸಲ ನೀವೂ ಹಾಗೇ ಕರೆಯಬಹುದು. ಕನ್ನಡದಲ್ಲಿ ನಾಗರಾಜರು ಬರೀ ‘ನಾಗರಾಜ’ ಎಂದು ಬರೆದರೂ ನಿಮಗೆ ಅವರು ‘ಸರ್’ ಆಗಿಯೇ ಇರಲಿ. ಅವರು ನಿಮ್ಮನ್ನು ‘ನೀನು’ ಅಂದರೂ ಅಷ್ಟೇ, ನಿಮ್ಮ ಕಡೆಯಿಂದ ‘ನೀವು’ ಬದಲಾಗುವುದಿಲ್ಲ.