1080ರ ಹೋರಿಯನ್ನು 1440ಕ್ಕೆ ಏರಿಸಿ ಕಳುಹಿಸುತ್ತೇನೆ: ನನ್ನ ಅನುಭವ

ಹಾವೇರಿ ಕಡೆ ಹೋರಿ ಹಬ್ಬದ ವಿಡಿಯೋ ಮಾಡುವವರಿಗೆಲ್ಲ ಈ ಕಾಟ ಗೊತ್ತು. ಎಡಿಟ್ ಮುಗಿದ ಫೈಲಿನಲ್ಲಿ ಹೋರಿಯ ಕೊರಳಿನ ಕೊಬ್ಬರಿ ಎಣಿಸಬಹುದು. ಅದೇ ಫೈಲು ಯೂಟ್ಯೂಬಿಗೆ ಹೋದ ಮೇಲೆ ಹೋರಿ, ಜನ, ಧೂಳು ಎಲ್ಲ ಸೇರಿ ಚೌಕ ಚೌಕವಾಗಿ ಒಡೆಯುತ್ತದೆ. ಮದುವೆ ವಿಡಿಯೋದಲ್ಲಿ ಮಂಟಪ ಕದಲುವುದಿಲ್ಲ, ಕಡಿಮೆ ಬಿಟ್‌ರೇಟಿನಲ್ಲೂ ನಡೆದುಹೋಗುತ್ತದೆ. ಹೋರಿ ಅಖಾಡದಲ್ಲಿ ನಿಂತ ವಸ್ತು ಎಂಬುದೇ ಇಲ್ಲ.

ಮೊದಲು ಎಲ್ಲರಂತೆ ನಾನೂ ಬಿಟ್‌ರೇಟ್ ಏರಿಸಿದೆ. 1080, 50 ಫ್ರೇಮಿಗೆ 12 ಎಂಬಿಪಿಎಸ್ ಸಾಕು ಎನ್ನುತ್ತಾರೆ. ನಾನು 40ರವರೆಗೂ ಹೋದೆ. ಫೈಲು ಮೂರು ಪಟ್ಟು ದಪ್ಪವಾಯಿತು, ಚೌಕಗಳು ಹಾಗೆಯೇ ಉಳಿದವು. ನಾವು ಎಷ್ಟೇ ಕೊಟ್ಟರೂ ಯೂಟ್ಯೂಬಿನವರು ಮತ್ತೆ ಹಿಂಡಿಯೇ ತೋರಿಸುತ್ತಾರೆ. ಕಂಪ್ಯೂಟರಿನಲ್ಲಿ ಪ್ಲೇಯರಿನ ಮೇಲೆ ಬಲ ಕ್ಲಿಕ್ ಮಾಡಿ Stats for nerds ತೆರೆದು ನೋಡಿದಾಗ ಗುಟ್ಟು ಸಿಕ್ಕಿತು: ನನ್ನ ವಿಡಿಯೋಗಳಿಗೆಲ್ಲ avc1 ಎಂಬ ಹಳೆಯ ಕೋಡೆಕ್. ದೊಡ್ಡ ಚಾನೆಲ್‌ಗಳ ವಿಡಿಯೋಗಳಿಗೆ ಅದಕ್ಕಿಂತ ಚೆನ್ನಾಗಿ ಹಿಂಡುವ vp09. ಚಿಕ್ಕ ಚಾನೆಲಿನ 1080 ಫೈಲಿಗೆ ಹಳೆಯ ಕೋಡೆಕ್ಕೇ ಸಾಕೆಂದು ಬಿಡುವುದು ಸಾಮಾನ್ಯ. 1440 ಅಥವಾ ಅದಕ್ಕಿಂತ ದೊಡ್ಡದಾಗಿ ಹೋದರೆ vp09 ಸಿಗುತ್ತದೆ.

ನನ್ನ ಕ್ಯಾಮೆರಾ 1080ರದ್ದು, ಹೊಸದು ಕೊಳ್ಳಲು ಲಕ್ಷ ಬೇಕು. ಹಾಗಾಗಿ ಎಡಿಟ್ ಆದ ಫೈಲನ್ನೇ ಉಬ್ಬಿಸಿದೆ. ಹುಬ್ಬಳ್ಳಿಯ ಎಡಿಟರ್ ಗೆಳೆಯ ನಕ್ಕ: "ಹಾಲಿಗೆ ನೀರು ಹಾಕಿ ಹೆಚ್ಚು ಹಾಲು ಎನ್ನುತ್ತೀಯಾ? ಇಲ್ಲದ ವಿವರ ಎಲ್ಲಿಂದ ಬರುತ್ತದೆ?" ಬರುವುದಿಲ್ಲ, ನಿಜ. ಆದರೆ ಇದ್ದ ವಿವರ ಉಳಿಯುತ್ತದೆ. ಬಳಸುವ ಸಾಲು ಇದು:

```
ffmpeg -i hori.mov -vf scale=2560:1440:flags=lanczos \
 -c:v libx264 -preset slow -b:v 24M -maxrate 30M \
 -bufsize 48M -pix_fmt yuv420p -c:a aac -b:a 320k \
 -movflags +faststart hori_1440.mp4
```

ಫ್ರೇಮ್ ರೇಟನ್ನು ಇಲ್ಲಿ ಮುಟ್ಟಿಲ್ಲ, ನೋಡಿ. 50ರಲ್ಲಿ ಚಿತ್ರೀಕರಿಸಿದ್ದನ್ನು 30ಕ್ಕೆ ಇಳಿಸಿದರೆ ಐದು ಫ್ರೇಮಿನಲ್ಲಿ ಮೂರನ್ನು ಮಾತ್ರ ಉಳಿಸಬೇಕಾಗುತ್ತದೆ. ಓಡುವ ಹೋರಿ ಕುಂಟಿದಂತೆ ಕಾಣುತ್ತದೆ. ಇಳಿಸಲೇಬೇಕಾದರೆ 25, ಒಂದು ಬಿಟ್ಟು ಒಂದು ಸಮನಾಗಿ ಹೋಗುತ್ತದೆ.

4ಕೆಗೂ ಉಬ್ಬಿಸಿ ನೋಡಿದ್ದೇನೆ. ಹತ್ತು ನಿಮಿಷದ ವಿಡಿಯೋ 60 ಎಂಬಿಪಿಎಸ್ಸಿನಲ್ಲಿ ನಾಲ್ಕೂವರೆ ಜಿಬಿ. ನನ್ನ ಲೈನಿನ ಅಪ್‌ಲೋಡ್ ವೇಗ ಐದು ಎಂಬಿಪಿಎಸ್ಸಿನ ಆಸುಪಾಸು, ಎರಡು ಗಂಟೆ ಹಿಡಿಯುತ್ತದೆ, ನಡುವೆ ಕರೆಂಟ್ ಹೋದರೆ ಮುಗಿಯಿತು. 1440ರದ್ದು 1.8 ಜಿಬಿ, ಮುಕ್ಕಾಲು ಗಂಟೆ ಚಿಲ್ಲರೆ. ಕಣ್ಣಿಗೆ ಕಂಡ ವ್ಯತ್ಯಾಸ ಆ ಕರೆಂಟಿನ ಬಿಲ್ಲಿಗೂ ಸಾಲದು.

ಮೊದಲ ಪರೀಕ್ಷೆಯ ವಿಡಿಯೋ ನೋಡಿ ಗೆಳೆಯ "ಏನೂ ಆಗಿಲ್ಲ" ಎಂದ. ಅದಕ್ಕೆ ಕಾರಣ ಬೇರೆ. ಅಪ್‌ಲೋಡ್ ಆದ ಕೂಡಲೇ 360 ಮಾತ್ರ ಸಿದ್ಧವಾಗಿರುತ್ತದೆ, ಮೇಲಿನವು ನಿಧಾನವಾಗಿ ಬರುತ್ತವೆ. ನಾನು ರಾತ್ರಿ ಪ್ರೈವೇಟ್ ಆಗಿ ಏರಿಸಿ, ಬೆಳಗ್ಗೆ 1440 ಕಾಣಿಸಿದ ಮೇಲೆ ತೆರೆಯುತ್ತೇನೆ. ಹೋರಿ ಮಾಲೀಕ ನೋಡುವುದು ಮೊದಲ ಹತ್ತು ನಿಮಿಷದಲ್ಲೇ. ಅವನಿಗೆ ಮಸುಕು ಕಂಡರೆ ಮುಂದಿನ ಹಬ್ಬದ ನಾಲ್ಕೈದು ಸಾವಿರ ಕೈತಪ್ಪಿದಂತೆ.

ಲಂಬ ಚೌಕಟ್ಟಿನದು ಬೇರೆಯದೇ ಕಥೆ. ಅಡ್ಡ 1080ರಿಂದ 9:16 ಕತ್ತರಿಸಿದರೆ ಅಗಲ ಉಳಿಯುವುದು ಬರೀ 607 ಪಿಕ್ಸೆಲ್. ಅದಕ್ಕಿಂತ ದೊಡ್ಡ ತೊಂದರೆ, ಪಕ್ಕದಿಂದ ತೆಗೆದ ಹೋರಿ ಆ ಸಂದಿಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟುತ್ತದೆ. ಆದ್ದರಿಂದ ರೀಲ್ಸ್‌ಗೆ ಕತ್ತರಿಸುವುದನ್ನೇ ಬಿಟ್ಟೆ. ಓಟದ ದಾರಿಯ ತುದಿಯಲ್ಲಿ, ಬೇಲಿಯ ಆಚೆ, ನನ್ನ ತಮ್ಮ ಮೊಬೈಲನ್ನು ನೆಟ್ಟಗೆ ಹಿಡಿದು ನಿಲ್ಲುತ್ತಾನೆ. ಎದುರಿನಿಂದ ಬರುವ ಹೋರಿ ಚೌಕಟ್ಟಿನಲ್ಲೇ ಬೆಳೆಯುತ್ತ ಬರುತ್ತದೆ, ಮೇಲಿನ ಬಲೂನೂ ಕತ್ತರಿಸಿ ಹೋಗುವುದಿಲ್ಲ. 1080×1920, 30 ಫ್ರೇಮ್, 12 ಎಂಬಿಪಿಎಸ್. ಇದಕ್ಕಿಂತ ಹೆಚ್ಚು ಕೊಟ್ಟು ನಾನು ಲಾಭ ಕಂಡಿಲ್ಲ. ಹೋರಿಯ ಹೆಸರನ್ನು ಅಡಿಯಲ್ಲಿ ಬರೆಯಬೇಡಿ, ಆ್ಯಪಿನ ಅಕ್ಷರಗಳು ಅದರ ಮೇಲೆ ಕೂರುತ್ತವೆ. ಮೊಬೈಲಿನ ಫ್ರೇಮ್ ರೇಟ್ ಏರಿಳಿಯುವುದರಿಂದ, ಅದನ್ನು ಮೊದಲು ಸ್ಥಿರ 30ಕ್ಕೆ ತಂದುಕೊಂಡೇ ಎಡಿಟ್‌ಗೆ ಹಾಕುತ್ತೇನೆ. ಇಲ್ಲದಿದ್ದರೆ ಉದ್ದದ ಕ್ಲಿಪ್ಪಿನಲ್ಲಿ ಧ್ವನಿ ಜಾರುತ್ತದೆ.

ಇದೇ ಪಟ್ಟನ್ನು ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ರಾಶಿಯ ಮೇಲೂ ಹಾಕಿ ನೋಡಿದೆ. ಅಲ್ಲಿ ತೊಂದರೆ ಓಟದ್ದಲ್ಲ, ಕೆಂಪಿನದು. 4:2:0ರಲ್ಲಿ ಬಣ್ಣಕ್ಕೆ ಉದ್ದಗಲದ ಅರ್ಧ ಮಾತ್ರ ಸಿಗುವುದರಿಂದ ಕಾಯಿಯ ಅಂಚುಗಳು ಒಂದರೊಳಗೊಂದು ಕಲೆಸುತ್ತವೆ. 1440ಕ್ಕೆ ಏರಿಸಿದಾಗ ಬಣ್ಣಕ್ಕೆ ಸಿಗುವ ಜಾಗವೂ ಹೆಚ್ಚಾಗಿ, ಸುಕ್ಕು ಸುಕ್ಕಾದ ಸಿಪ್ಪೆ ಬೇರೆ ಬೇರೆಯಾಗಿ ಕಂಡಿತು. ಕೆಂಪಿನ ಸ್ಯಾಚುರೇಶನ್ ಸ್ವಲ್ಪ ತಗ್ಗಿಸಿದ್ದೂ ನೆರವಾಯಿತು.

ಏರಿಸುವ ಮುನ್ನ ಕೊಡುವ ಶಾರ್ಪ್‌ನೆಸ್ ಎಷ್ಟು ಎಂದು ಹಲವರು ಕೇಳಿದ್ದಾರೆ, ಆ ಗೆಳೆಯನೂ ಸೇರಿ. ಅದು ನನ್ನ ಬಳಿಯೇ ಇರಲಿ. ಇಷ್ಟು ಮಾತ್ರ ಹೇಳುತ್ತೇನೆ: ಸಂಜೆ ಬೆಳಕು ಕುಗ್ಗಿದ ಮೇಲಿನ ದೃಶ್ಯಗಳಿಗೆ ಅದನ್ನು ಕೊಡಬೇಡಿ. ಅಲ್ಲಿನ ನಾಯ್ಸ್ ಧೂಳಿಗಿಂತ ಹೆಚ್ಚು ಬಿಟ್ ತಿನ್ನುತ್ತದೆ. ಮೊದಲು ಅದನ್ನು ಒರೆಸಿ, ಆಮೇಲೆ 1440.