ತೂಕದ ವಿಷಯಕ್ಕೆ ವೈದ್ಯರ ಬಳಿಗೆ ಮೊದಲ ಸಲ: ಏನು ಬರೆದುಕೊಂಡು ಹೋಗಬೇಕು?

“ತೂಕ ಇಳಿಸಬೇಕು ಡಾಕ್ಟರೇ” ಎಂದಷ್ಟೇ ಹೇಳಿ ಕುಳಿತರೆ, “ಅನ್ನ ಕಡಿಮೆ ಮಾಡಿ, ನಡೆಯಿರಿ” ಎಂಬ ಉತ್ತರ ಹೊತ್ತು ಹಿಂತಿರುಗುತ್ತೀರಿ. ಮೈಸೂರು, ಮಂಡ್ಯದ ಕ್ಲಿನಿಕ್‌ಗಳಲ್ಲಿ ಹೀಗೆ ಬರಿಗೈಯಲ್ಲಿ ಹೋಗಿ ಬಂದವರನ್ನು ಬಹಳ ನೋಡಿದ್ದೇನೆ.

ಮೊದಲಿಗೆ, ತೂಕ ಯಾವಾಗ ಏರಿತು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ತಾರೀಖು ನೆನಪಿಲ್ಲದಿದ್ದರೆ ಹಬ್ಬ, ಹೆರಿಗೆ, ಮದುವೆಯ ಲೆಕ್ಕ ಸಾಕು. ಪಕ್ಕದಲ್ಲೇ ಆಗ ಶುರುವಾದ ಕಾಯಿಲೆ, ಔಷಧಿಗಳನ್ನು ನಮೂದಿಸಿ.

ಜನ ಎಡವುವುದು ಈ ಔಷಧಿಯಲ್ಲೇ. “ಸಕ್ಕರೆ ಮಾತ್ರೆ, ಚಿಕ್ಕದು, ಬಿಳಿ” ಎಂದರೆ ವೈದ್ಯರಿಗೆ ಏನೂ ಗೊತ್ತಾಗದು. ಮಾತ್ರೆಯ ಖಾಲಿ ಸ್ಟ್ರಿಪ್‌ಗಳನ್ನೇ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಸಕ್ಕರೆ ಕಾಯಿಲೆಗೆ ಕೊಡುವ ಗ್ಲಿಮೆಪಿರೈಡ್, ಇನ್ಸುಲಿನ್, ಫಿಟ್ಸ್‌ಗೆ ಕೊಡುವ ವಾಲ್‌ಪ್ರೋಯೇಟ್, ಮಾನಸಿಕ ಕಾಯಿಲೆಗೆ ಕೊಡುವ ಓಲಾಂಜಪಿನ್ ಮುಂತಾದವು ತೂಕ ಏರಿಸಬಲ್ಲವು. ಹೆಸರಿಲ್ಲದ ಪೊಟ್ಟಣದ ಪುಡಿಯನ್ನಂತೂ ಒಯ್ಯಲು ಮರೆಯಲೇಬೇಡಿ. ನಮ್ಮ ಬೀದಿಯ ಒಬ್ಬ ಅಕ್ಕ ಯುಗಾದಿಗೆ 62 ಕೆಜಿ ಇದ್ದವರು ದಸರಾ ಹೊತ್ತಿಗೆ 71 ಆಗಿದ್ದರು. ಮುದ್ದೆ, ಊಟ ಎಲ್ಲ ಮೊದಲಿನಷ್ಟೇ. ಅವರ ಹಾಳೆಯಲ್ಲಿ ಯುಗಾದಿಯ ಪಕ್ಕ “ಮಂಡಿ ನೋವಿನ ಪುಡಿ” ಎಂದಿತ್ತು. ಮುಖ ದುಂಡಗಾಗಿದ್ದು, ಸಣ್ಣ ಪೆಟ್ಟಿಗೂ ಚರ್ಮ ನೀಲಿಗಟ್ಟುತ್ತಿದ್ದುದನ್ನು ನೋಡಿದ ವೈದ್ಯರಿಗೆ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿರುವ ಅನುಮಾನ ಬಂತು. ಅಂಥ ಪುಡಿ ನಿಮ್ಮಲ್ಲಿದ್ದರೆ ಹಠಾತ್ತನೆ ನಿಲ್ಲಿಸಬೇಡಿ. ಹೊರಗಿನ ಸ್ಟೀರಾಯ್ಡ್‌ಗೆ ಒಗ್ಗಿದ ದೇಹ ತನ್ನದನ್ನು ತಯಾರಿಸುವುದನ್ನು ತಗ್ಗಿಸಿರುತ್ತದೆ. ಒಮ್ಮೆಲೇ ಬಿಟ್ಟರೆ ರಕ್ತದೊತ್ತಡ ಕುಸಿಯಬಹುದು. ವೈದ್ಯರಿಗೆ ಪೊಟ್ಟಣ ತೋರಿಸಿ, ಅವರು ಹೇಳಿದಂತೆ ಇಳಿಸಿ. ಕೊಬ್ಬು ಕರಗಿಸುವ ಡಬ್ಬಿಗಳಿಗೆ ಹಣ ಸುರಿಯುವುದನ್ನು ಮಾತ್ರ ಇಂದೇ ಬಿಡಿ.

ಸೊಂಟದಳತೆಗೆ ದರ್ಜಿಯ ಟೇಪು ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆದುಕೊಳ್ಳದೆ ಅಳೆಯಿರಿ. ನಮ್ಮವರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಗಮನ ಕೊಡಬೇಕು.

ಊಟದ ಪಟ್ಟಿ ಮೂರು ದಿನದ್ದಿರಲಿ, ಒಂದು ಭಾನುವಾರ ಸೇರಿರಲಿ. ಕಾಫಿಯ ಸಕ್ಕರೆ ಬಿಟ್ಟುಹೋಗದಿರಲಿ. ಗೊರಕೆ, ಹಗಲಿನ ತೂಕಡಿಕೆ, ಮುಟ್ಟಿನ ಏರುಪೇರು ಇದ್ದರೆ ಒಂದೊಂದು ಸಾಲು ಬರೆಯಿರಿ. ಹಳೆಯ ರಕ್ತ ಪರೀಕ್ಷೆಯ ವರದಿಗಳಿದ್ದರೆ ಒಯ್ಯಿರಿ. ಹೊಸ ಪ್ಯಾಕೇಜ್ ನೀವಾಗಿಯೇ ಮಾಡಿಸಬೇಡಿ, ಯಾವುದು ಬೇಕೆಂದು ವೈದ್ಯರೇ ಹೇಳಲಿ.

ಪ್ರಶ್ನೆಗಳು ಮೂರಿದ್ದರೆ ಸಾಕು, ಅವನ್ನು ಹಾಳೆಯ ತಲೆಯಲ್ಲೇ ಬರೆಯಿರಿ. ನನ್ನ ಔಷಧಿಗಳಲ್ಲಿ ತೂಕ ಏರಿಸುವುದು ಯಾವುದು, ಬದಲಿ ಇದೆಯೇ? ಮೊದಲ ಗುರಿ ಎಷ್ಟು ಕೆಜಿ? (71 ಕೆಜಿಯವರು ಮೂರೂವರೆ ಕೆಜಿ ಇಳಿದರೂ ಸಕ್ಕರೆ, ಬಿಪಿಗೆ ಅನುಕೂಲವಾಗಬಹುದು.) ತೂಕ ಇಳಿಸುವ ಚುಚ್ಚುಮದ್ದಿನ ಮಾತು ಬಂದರೆ ತಿಂಗಳ ಖರ್ಚೆಷ್ಟು, ಎಷ್ಟು ಕಾಲ ಬೇಕು ಎಂದು ಅಲ್ಲೇ ಕೇಳಿ, ನಿಲ್ಲಿಸಿದ ಮೇಲೆ ತೂಕ ಮರಳುವುದು ಸಾಮಾನ್ಯ.